ಒಂಬತ್ತು ನಿಮಿಷದ ಕಾಯುವಿಕೆ: ನಿಧಾನವಾದ ಹಳೆಯ ಲ್ಯಾಪ್‌ಟಾಪ್ ಒಂದರ ಪ್ರಕರಣ ಅಧ್ಯಯನ

ಈ ಪ್ರಕರಣದ ಲ್ಯಾಪ್‌ಟಾಪ್ ಅನುವಾದದ ಕೆಲಸ ಮಾಡುವ ಹಿರಿಯರೊಬ್ಬರದು. ಅದರಲ್ಲಿ ಎರಡು ಕೋರ್‌ಗಳ ಹಳೆಯ ಪ್ರೊಸೆಸರ್, 4 ಜಿಬಿ ರ‍್ಯಾಮ್, ನಿಮಿಷಕ್ಕೆ 5400 ಸುತ್ತು ತಿರುಗುವ 500 ಜಿಬಿ ಹಾರ್ಡ್ ಡಿಸ್ಕ್ ಮತ್ತು ವಿಂಡೋಸ್ 10 ಇದ್ದವು. ಬೆಳಿಗ್ಗೆ ಗುಂಡಿ ಒತ್ತಿ, ಬೇರೆ ಕೆಲಸ ಮುಗಿಸಿಕೊಂಡು ಬಂದರೂ ಯಂತ್ರ ಇನ್ನೂ ತಡಬಡಾಯಿಸುತ್ತಿರುತ್ತದೆ ಎಂಬುದು ಅವರ ಮೊದಲ ದೂರು. ಕೆಲಸದ ನಡುವೆ ನಿಘಂಟಿನ ಟ್ಯಾಬ್‌ನಿಂದ ಬರೆಯುತ್ತಿರುವ ಪುಟಕ್ಕೆ ಮರಳಿದರೆ ಪರದೆ ಹತ್ತು ಹನ್ನೆರಡು ಸೆಕೆಂಡು ಹಾಗೆಯೇ ನಿಂತುಬಿಡುತ್ತದೆ, ಕೆಲವೊಮ್ಮೆ ಟ್ಯಾಬ್ ತಾನಾಗಿ ಸತ್ತುಹೋಗುತ್ತದೆ ಎಂಬುದು ಎರಡನೆಯದು. ಇವೆರಡೂ ಒಂದೇ ರೋಗದ ಲಕ್ಷಣಗಳೆಂದು ಅವರು ನಂಬಿದ್ದರು. ಆರಂಭದಲ್ಲಿ ನಾನೂ ಹಾಗೆಯೇ ಭಾವಿಸಿದ್ದೆ. ಅವು ಬೇರೆ ಬೇರೆ ಕಾರಣಗಳಿಂದ ಹುಟ್ಟಿದ, ಆದರೆ ಒಂದೇ ಜಾಗದಲ್ಲಿ, ಅಂದರೆ ಡಿಸ್ಕ್‌ನಲ್ಲಿ, ಕಾಣಿಸಿಕೊಳ್ಳುತ್ತಿದ್ದ ಎರಡು ತೊಂದರೆಗಳು ಎಂದು ತಿಳಿದದ್ದು ಅಳತೆಗೆ ಇಳಿದ ಮೇಲೆ.

ಮೊದಲ ಅಳತೆ

ಏನನ್ನೂ ಬದಲಿಸುವ ಮೊದಲು ಮೊಬೈಲ್‌ನ ಸ್ಟಾಪ್‌ವಾಚ್ ಹಿಡಿದು ಮೂರು ಅಳತೆಗಳನ್ನು ಬರೆದುಕೊಂಡೆ. ಗುಂಡಿ ಒತ್ತಿದ ಕ್ಷಣದಿಂದ ಡೆಸ್ಕ್‌ಟಾಪ್ ಕಾಣುವವರೆಗೆ 2 ನಿಮಿಷ 10 ಸೆಕೆಂಡು ಬೇಕಾಯಿತು. ಡೆಸ್ಕ್‌ಟಾಪ್ ಕಂಡ ಮೇಲೆ, ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್‌ನ ಬಳಕೆ ಶೇಕಡಾ 100ರಿಂದ ಇಳಿದು ಹತ್ತರ ಆಸುಪಾಸಿಗೆ ಬರಲು ಇನ್ನೂ 7 ನಿಮಿಷ ಹಿಡಿಯಿತು. ಆ ಬಳಿಕ ಬ್ರೌಸರ್ ತೆರೆದುಕೊಳ್ಳಲು 50 ಸೆಕೆಂಡು. ಬಳಕೆದಾರರಿಗೆ ಇದೆಲ್ಲ ಒಟ್ಟಾಗಿ 'ಕಂಪ್ಯೂಟರ್ ಏಳುವುದಿಲ್ಲ' ಎಂದೇ ಅನುಭವಕ್ಕೆ ಬಂದರೂ ಮೊದಲ ಎರಡು ನಿಮಿಷ ಮತ್ತು ನಂತರದ ಏಳು ನಿಮಿಷಗಳನ್ನು ಬೇರೆಬೇರೆಯಾಗಿ ಹಿಡಿಯುವುದು ಮುಖ್ಯ. ಡೆಸ್ಕ್‌ಟಾಪ್ ಬಂದ ನಂತರದ ಕಾಯುವಿಕೆ ಬಹುಪಾಲು ತಾವಾಗಿ ಶುರುವಾಗುವ ತಂತ್ರಾಂಶಗಳದ್ದು. ಅದಕ್ಕೂ ಮುಂಚಿನದು ವಿಂಡೋಸ್, ಡ್ರೈವರ್‌ಗಳು ಮತ್ತು ಡಿಸ್ಕ್‌ನ ವೇಗಕ್ಕೆ ಸೇರಿದ್ದು.

ಸ್ಟಾಪ್‌ವಾಚ್ ಹಿಡಿಯಲು ಮನಸ್ಸಿಲ್ಲದವರಿಗೆ ವಿಂಡೋಸ್ ತಾನೇ ಇಟ್ಟಿರುವ ದಾಖಲೆಯೊಂದಿದೆ. ಪವರ್‌ಶೆಲ್ ಅನ್ನು ಅಡ್ಮಿನ್ ಅಧಿಕಾರದೊಂದಿಗೆ ತೆರೆದು ಕೆಳಗಿನ ಆದೇಶವನ್ನು ಕೊಟ್ಟರೆ, ಅದು ದಾಖಲಿಸಿಟ್ಟ ಕೊನೆಯ ಐದು ಆರಂಭಗಳ ಅವಧಿ `Boot Duration` ಎಂಬ ಸಾಲಿನಲ್ಲಿ ಮಿಲಿಸೆಕೆಂಡುಗಳ ಲೆಕ್ಕದಲ್ಲಿ ಸಿಗುತ್ತದೆ.

```
Get-WinEvent -FilterHashtable @{LogName='Microsoft-Windows-Diagnostics-Performance/Operational'; Id=100} -MaxEvents 5 | Format-List
```

ಇದರ ಜೊತೆಗೇ ಮಾಡಿದ ಇನ್ನೊಂದು ಕೆಲಸ ಡಿಸ್ಕ್‌ನ ಆರೋಗ್ಯ ಪರೀಕ್ಷೆ. ಸಾಯುತ್ತಿರುವ ಹಾರ್ಡ್ ಡಿಸ್ಕ್ ಸಹ ಇದೇ ರೀತಿ ನಿಧಾನವಾಗುತ್ತದೆ. ಅಂಥ ಡಿಸ್ಕ್‌ನ ಮೇಲೆ ಗಂಟೆಗಟ್ಟಲೆ ಸ್ವಚ್ಛತೆಯ ಕೆಲಸ ನಡೆಸಿದರೆ ಅದರ ಉಳಿದ ಆಯುಷ್ಯವನ್ನೂ ನಾವೇ ಮುಗಿಸಿದಂತೆ. CrystalDiskInfo ತಂತ್ರಾಂಶದಲ್ಲಿ ನಾನು ನೋಡಿದ್ದು ಮುಖ್ಯವಾಗಿ ಎರಡು ಸಾಲುಗಳನ್ನು: ಹಾಳಾಗಿ ಬದಲಿ ಜಾಗಕ್ಕೆ ಸಾಗಿಸಲಾದ ಸೆಕ್ಟರ್‌ಗಳ ಎಣಿಕೆ ಹಾಗೂ ಓದಲಾಗದೆ ಬಾಕಿ ಉಳಿದಿರುವ ಸೆಕ್ಟರ್‌ಗಳ ಎಣಿಕೆ. ಎರಡೂ ಸೊನ್ನೆ ಇದ್ದವು. ಬಾಕಿ ಸೆಕ್ಟರ್‌ಗಳ ಎಣಿಕೆ ಸೊನ್ನೆಗಿಂತ ಹೆಚ್ಚಿದ್ದಿದ್ದರೆ ಈ ಬರಹದ ಉಳಿದ ಭಾಗವೇ ಇರುತ್ತಿರಲಿಲ್ಲ. ಕಡತಗಳನ್ನು ಬೇರೆಡೆಗೆ ನಕಲಿಸಿ ಡಿಸ್ಕ್ ಬದಲಿಸುವುದೊಂದೇ ಆಗ ಉಳಿಯುವ ದಾರಿ. ಎಣಿಕೆ ಸರಿಯಿದ್ದರೂ ಅನುವಾದದ ಕಡತಗಳನ್ನೆಲ್ಲ ಹೊರಗಿನ ಡ್ರೈವ್‌ಗೆ ನಕಲಿಸಿಕೊಂಡೇ ಮುಂದುವರಿದೆ.

ದಿನವೂ ಆರಿಸಿದರೂ ಆರದ ಯಂತ್ರ

ಟಾಸ್ಕ್ ಮ್ಯಾನೇಜರ್‌ನ ಸಿಪಿಯು ಪುಟದಲ್ಲಿ `Up time` ಎಂಬ ಅಂಕಿ 31 ದಿನಗಳನ್ನು ತೋರಿಸುತ್ತಿತ್ತು. "ನಾನು ಪ್ರತಿ ರಾತ್ರಿ ಶಟ್ ಡೌನ್ ಮಾಡಿಯೇ ಮಲಗುವುದು" ಎಂದು ಅವರು ಸ್ವಲ್ಪ ನೊಂದುಕೊಂಡೇ ಹೇಳಿದರು. ಅವರ ಮಾತೂ ನಿಜ, ಅಂಕಿಯೂ ನಿಜ. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ವ್ಯವಸ್ಥೆ ಚಾಲ್ತಿಯಲ್ಲಿದ್ದಾಗ ಶಟ್ ಡೌನ್ ಕೊಟ್ಟರೆ ನಾವು ತೆರೆದಿದ್ದ ತಂತ್ರಾಂಶಗಳು ಮುಚ್ಚುತ್ತವೆಯೇ ಹೊರತು, ವಿಂಡೋಸ್‌ನ ತಿರುಳು ಮತ್ತು ಡ್ರೈವರ್‌ಗಳ ಸ್ಥಿತಿ ಹಾಗೆಯೇ `hiberfil.sys` ಎಂಬ ಕಡತಕ್ಕೆ ಇಳಿದು, ಮಾರನೆಯ ದಿನ ಅಲ್ಲಿಂದಲೇ ಎದ್ದು ಬರುತ್ತದೆ. ಎಲ್ಲವೂ ನಿಜಕ್ಕೂ ಹೊಸದಾಗಿ ಆರಂಭವಾಗುವುದು ರೀಸ್ಟಾರ್ಟ್ ಕೊಟ್ಟಾಗ ಮಾತ್ರ.

ಇದರಿಂದ ಆಗುವ ಹಾನಿ ಸಾಮಾನ್ಯವಾಗಿ ಹೆಚ್ಚೇನಿಲ್ಲ. ಆದರೆ ಈ ಯಂತ್ರದಲ್ಲಿ ಯಾವುದೋ ಡ್ರೈವರ್ ಪಡೆದ ರ‍್ಯಾಮ್ ಅನ್ನು ಮರಳಿ ಕೊಡುತ್ತಿರಲಿಲ್ಲ. ಮೆಮೊರಿ ಪುಟದಲ್ಲಿ `Non-paged pool` ಎಂದು ಕಾಣುವ ಭಾಗ, ಅಂದರೆ ಎಷ್ಟೇ ಇಕ್ಕಟ್ಟಾದರೂ ಡಿಸ್ಕ್‌ಗೆ ತಳ್ಳಲಾಗದೆ ರ‍್ಯಾಮ್‌ನಲ್ಲೇ ಇರಬೇಕಾದ ಭಾಗ, 610 ಎಂಬಿ ಇತ್ತು. ರೀಸ್ಟಾರ್ಟ್ ಕೊಟ್ಟ ಮೇಲೆ ಅದು 170 ಎಂಬಿಗೆ ಇಳಿಯಿತು. ನಾಲ್ಕು ಜಿಬಿಯ ಯಂತ್ರದಲ್ಲಿ 440 ಎಂಬಿ ಎಂದರೆ ಒಟ್ಟು ರ‍್ಯಾಮ್‌ನ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು. ಎರಡು ದಿನಗಳಲ್ಲಿ ಅಂಕಿ ಮತ್ತೆ ಏರತೊಡಗಿದ್ದನ್ನು ಕಂಡು, ಬಳಕೆಯ ಅವಧಿ ಮುಗಿದು ಎಂದೋ ನಿರುಪಯುಕ್ತವಾಗಿದ್ದ ಆಂಟಿವೈರಸ್ ಒಂದನ್ನು ಪೂರ್ಣವಾಗಿ ತೆಗೆದೆ. ಆಮೇಲೆ ಏರಿಕೆ ನಿಂತಿತು. ತೆಗೆದ ತಕ್ಷಣ ವಿಂಡೋಸ್‌ನ ಸ್ವಂತ ಡಿಫೆಂಡರ್ ತಾನಾಗಿ ಕೆಲಸಕ್ಕೆ ನಿಂತಿದೆಯೇ ಎಂಬುದನ್ನು ವಿಂಡೋಸ್ ಸೆಕ್ಯುರಿಟಿ ಪುಟದಲ್ಲಿ ಖಚಿತಪಡಿಸಿಕೊಂಡೆ.

ಫಾಸ್ಟ್ ಸ್ಟಾರ್ಟಪ್ ಅನ್ನು ಈ ಹಂತದಲ್ಲಿ ನಿಲ್ಲಿಸಲಿಲ್ಲ. ತಿರುಗುವ ಡಿಸ್ಕ್ ಇರುವ ಯಂತ್ರದಲ್ಲಿ ಅದು ನಿಜಕ್ಕೂ ಸಮಯ ಉಳಿಸುತ್ತದೆ. ವಾರಕ್ಕೊಮ್ಮೆ ಶಟ್ ಡೌನ್ ಬದಲು ರೀಸ್ಟಾರ್ಟ್ ಕೊಡಬೇಕೆಂದು ಮಾತ್ರ ಹೇಳಿದೆ.

ತಾವಾಗಿ ಶುರುವಾಗುವವು

ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಪಟ್ಟಿಯಲ್ಲಿ 19 ಹೆಸರುಗಳಿದ್ದವು, ಅವುಗಳಲ್ಲಿ 14 ಚಾಲ್ತಿಯಲ್ಲಿದ್ದವು. ಪ್ರತಿಯೊಂದರ ಎದುರು `Startup impact` ಎಂಬ ಅಂಕಣವಿರುತ್ತದೆ. ಅಲ್ಲಿನ `High` ಎಂಬ ಮಾತಿಗೆ ನಿಶ್ಚಿತ ಅರ್ಥವಿದೆ: ಆರಂಭದ ವೇಳೆ ಆ ತಂತ್ರಾಂಶ ಪ್ರೊಸೆಸರ್‌ನ ಒಂದು ಸೆಕೆಂಡಿಗಿಂತ ಹೆಚ್ಚು ಸಮಯವನ್ನು ತೆಗೆದುಕೊಂಡಿದೆ, ಇಲ್ಲವೇ ಡಿಸ್ಕ್‌ನಲ್ಲಿ 3 ಎಂಬಿಗಿಂತ ಹೆಚ್ಚು ಓದಿದೆ ಅಥವಾ ಬರೆದಿದೆ. ಮೂರು ಎಂಬಿ ಎಂಬುದು ಇಂದಿನ ಯಾವ ತಂತ್ರಾಂಶಕ್ಕೂ ದೊಡ್ಡದಲ್ಲ. ಹೀಗಾಗಿ ಈ ಹಣೆಪಟ್ಟಿ ಒಂದು ತಂತ್ರಾಂಶ ಅನಗತ್ಯವೆಂದು ಹೇಳುವುದಿಲ್ಲ, ಅದು ಹಗುರವಲ್ಲ ಎಂಬುದನ್ನಷ್ಟೇ ಹೇಳುತ್ತದೆ. ಏನನ್ನು ಉಳಿಸಬೇಕು ಎಂಬ ತೀರ್ಮಾನ ಯಂತ್ರದ ಮಾಲೀಕರ ಕೆಲಸವನ್ನು ನೋಡಿ ಆಗಬೇಕು.

ಹದಿನಾಲ್ಕು ತಂತ್ರಾಂಶಗಳು ಒಟ್ಟಿಗೆ ಎದ್ದರೆ ಹಾರ್ಡ್ ಡಿಸ್ಕ್ ಏಕೆ ಕಂಗೆಡುತ್ತದೆ ಎಂಬುದನ್ನು ಸ್ವಲ್ಪ ಲೆಕ್ಕ ಹಾಕಿ ನೋಡಬಹುದು. ನಿಮಿಷಕ್ಕೆ 5400 ಸುತ್ತು ಎಂದರೆ ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡು. ಬೇಕಾದ ಜಾಗ ಡಿಸ್ಕ್ ಓದುವ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಅದಕ್ಕೂ ಮೊದಲು ತಲೆ ಸರಿಯಾದ ಪಥಕ್ಕೆ ಸರಿಯಲು ಇನ್ನೊಂದು ಹತ್ತು ಹನ್ನೆರಡು ಮಿಲಿಸೆಕೆಂಡು. ಹೀಗೆ ಚದುರಿದ ಜಾಗಗಳಿಂದ ಓದುವಾಗ ಸೆಕೆಂಡಿಗೆ ಸುಮಾರು 60 ಬಾರಿಯಷ್ಟೇ ಓದಲು ಸಾಧ್ಯ. ಒಂದೇ ದೊಡ್ಡ ಕಡತವನ್ನು ಸಲೀಸಾಗಿ ಸೆಕೆಂಡಿಗೆ 100 ಎಂಬಿಯಂತೆ ಓದಬಲ್ಲ ಡಿಸ್ಕ್, ಹದಿನಾಲ್ಕು ಕಡೆಯಿಂದ ಸಣ್ಣ ಸಣ್ಣ ತುಣುಕುಗಳನ್ನು ಕೇಳಿದಾಗ ಸೆಕೆಂಡಿಗೆ ಒಂದು ಎಂಬಿಯನ್ನೂ ಮುಟ್ಟದೆ ಶೇಕಡಾ 100 ದುಡಿಯುತ್ತಿರುತ್ತದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ ಕೆಂಪಗಿದ್ದು ವರ್ಗಾವಣೆಯ ವೇಗ ಮಾತ್ರ ಅತಿ ಕಡಿಮೆ ಕಂಡರೆ, ಮತ್ತು ಡಿಸ್ಕ್‌ನ ಆರೋಗ್ಯ ಸರಿಯಿದ್ದರೆ, ಅದು ಈ ಪರದಾಟದ ಗುರುತು.

ನಿಲ್ಲಿಸಿದವುಗಳಲ್ಲಿ ಹೆಚ್ಚಿನವಕ್ಕೆ ಯೋಚಿಸಬೇಕಾದದ್ದೇನೂ ಇರಲಿಲ್ಲ: ಹಾಡು ಕೇಳುವ ತಂತ್ರಾಂಶ, ಎರಡು ಚಾಟ್ ತಂತ್ರಾಂಶಗಳು, ಮನೆಯಲ್ಲಿ ಈಗ ಇಲ್ಲದ ಪ್ರಿಂಟರ್‌ನ ಕಾವಲು ತಂತ್ರಾಂಶ, ವಿಡಿಯೊ ಕರೆಯ ತಂತ್ರಾಂಶ. ನಿಲ್ಲಿಸಿದರೆ ಅವು ಯಂತ್ರದಿಂದ ಹೋಗುವುದಿಲ್ಲ, ಕರೆದಾಗ ಬರುತ್ತವೆ. ಕ್ಲೌಡ್‌ಗೆ ಕಡತ ಕಳಿಸುವ ತಂತ್ರಾಂಶಗಳು ಎರಡಿದ್ದವು. ಇಲ್ಲಿ ಮಾತ್ರ ಎಚ್ಚರ ಬೇಕು. ಇಂಥದ್ದನ್ನು ನಿಲ್ಲಿಸಿದರೆ ಯಾವ ಎಚ್ಚರಿಕೆಯೂ ಬರದೆ ನಕಲಾಗುವುದು ನಿಂತಿರುತ್ತದೆ, ಅದು ತಿಳಿಯುವುದು ಕಡತ ಕಳೆದುಕೊಂಡ ದಿನ. ಅವರು ನಿಜವಾಗಿ ಬಳಸುತ್ತಿದ್ದ ಒಂದನ್ನು ಉಳಿಸಿ, ಇನ್ನೊಂದನ್ನು ಅವರ ಎದುರಿಗೇ ಖಾಲಿಯೆಂದು ನೋಡಿಕೊಂಡು ನಿಲ್ಲಿಸಿದೆ.

ನನ್ನಿಂದ ಒಂದು ತಪ್ಪೂ ಆಯಿತು. ಪಟ್ಟಿಯಲ್ಲಿ ಗುರುತು ಸಿಗದ ಒಂದು ಸಣ್ಣ ಹೆಸರಿತ್ತು, ಅದರ ಎದುರು `Low` ಎಂದಿತ್ತು, ತಯಾರಕರ ಹೆಸರಿನ ಜಾಗ ಖಾಲಿಯಿತ್ತು. ಅನುಮಾನದಿಂದ ಅದನ್ನೂ ನಿಲ್ಲಿಸಿದೆ. ಮಾರನೆಯ ಬೆಳಿಗ್ಗೆ ಅವರು ಫೋನ್ ಮಾಡಿ, "ಯಂತ್ರ ಬೇಗ ಏಳುತ್ತಿದೆಯಪ್ಪಾ, ಆದರೆ ನನಗೆ ಒಂದಕ್ಷರ ಟೈಪ್ ಮಾಡಲಾಗುತ್ತಿಲ್ಲ" ಎಂದರು. ಅದು ಅವರು ವರ್ಷಗಳಿಂದ ಬಳಸುತ್ತಿದ್ದ ಕೀಲಿಮಣೆ ವಿನ್ಯಾಸದ ತಂತ್ರಾಂಶವಾಗಿತ್ತು. `Low` ಎಂದಿರುವುದನ್ನು ನಿಲ್ಲಿಸಿ ಗಳಿಸುವುದು ಏನೂ ಇಲ್ಲ. ಗುರುತಿಲ್ಲದ ಹೆಸರಿನ ಮೇಲೆ ಬಲ ಗುಂಡಿ ಒತ್ತಿ ಅದರ ಕಡತ ಎಲ್ಲಿದೆ ಎಂದು ನೋಡಿದ್ದರೆ ಅರ್ಧ ನಿಮಿಷದಲ್ಲಿ ವಿಷಯ ತಿಳಿಯುತ್ತಿತ್ತು.

ಪ್ರಿಂಟರ್‌ನ ಕಾವಲು ತಂತ್ರಾಂಶ ಮಾತ್ರ ನಿಲ್ಲಿಸಿದರೂ ಮರುದಿನ ಮತ್ತೆ ಹಾಜರಿತ್ತು. ಟಾಸ್ಕ್ ಮ್ಯಾನೇಜರ್‌ನ ಪಟ್ಟಿ ಸಂಪೂರ್ಣವಲ್ಲದಿರುವುದೇ ಇದಕ್ಕೆ ಕಾರಣ. ಸರ್ವಿಸ್‌ಗಳ ಮೂಲಕವೂ ನಿಗದಿತ ಕಾರ್ಯಗಳ ಮೂಲಕವೂ ತಂತ್ರಾಂಶಗಳು ಏಳಬಲ್ಲವು. ಇವೆಲ್ಲವನ್ನೂ ಒಂದೇ ಕಡೆ ತೋರಿಸುವುದು ಮೈಕ್ರೋಸಾಫ್ಟ್‌ನದೇ ಆದ ಉಚಿತ ಸಾಧನ Autoruns. ಅದರಲ್ಲಿ ಮೈಕ್ರೋಸಾಫ್ಟ್‌ನ ನಮೂದುಗಳನ್ನು ಮರೆಮಾಡುವ ಆಯ್ಕೆಯನ್ನು ಮೊದಲು ಹಾಕಿಕೊಂಡು, ಉಳಿದವುಗಳಲ್ಲಿ ಬೇಡವಾದದ್ದರ ಗುರುತನ್ನು ತೆಗೆಯಬೇಕು. ನಮೂದನ್ನೇ ಅಳಿಸಬಾರದು, ಏಕೆಂದರೆ ತೆಗೆದ ಗುರುತನ್ನು ಮತ್ತೆ ಹಾಕಬಹುದು, ಅಳಿಸಿದ್ದನ್ನು ನೆನಪಿನಿಂದ ಬರೆಯಲಾಗದು. ಪ್ರಿಂಟರ್‌ನ ತಂತ್ರಾಂಶ ಒಂದು ನಿಗದಿತ ಕಾರ್ಯದ ಮೂಲಕ ಎದ್ದು ಬರುತ್ತಿತ್ತು. ಪ್ರಿಂಟರ್ ಇಲ್ಲವಾದ್ದರಿಂದ ಇಡೀ ತಂತ್ರಾಂಶವನ್ನೇ ತೆಗೆದುಹಾಕಿದೆ.

ಈ ಪಟ್ಟಿಯಲ್ಲಿ ವಿಶೇಷವಾಗಿ ಹೇಳಬೇಕಾದದ್ದು ಕಂಪ್ಯೂಟರ್‌ನ ವೇಗ ಹೆಚ್ಚಿಸುತ್ತೇನೆಂದು ಹೇಳಿಕೊಂಡು ಕೂತಿದ್ದ ಒಂದು ತಂತ್ರಾಂಶದ ಬಗ್ಗೆ. ಅದು ಪ್ರತಿ ಆರಂಭದಲ್ಲೂ ಇಡೀ ಡಿಸ್ಕ್ ಅನ್ನು ತಡಕಾಡುತ್ತಿತ್ತು. ಜೊತೆಗೆ ಕೆಲವು ನಿಮಿಷಗಳಿಗೊಮ್ಮೆ ರ‍್ಯಾಮ್ ಅನ್ನು 'ತೆರವುಗೊಳಿಸುತ್ತಿತ್ತು'. ತೆರವು ಎಂದರೆ ಇಲ್ಲಿ, ಓಡುತ್ತಿರುವ ತಂತ್ರಾಂಶಗಳು ಬಳಸುತ್ತಿರುವ ಪುಟಗಳನ್ನು, ಅಂದರೆ ರ‍್ಯಾಮ್‌ನ ಸಣ್ಣ ಸಣ್ಣ ತುಣುಕುಗಳನ್ನು, ಅವುಗಳ ಕೈಯಿಂದ ಬಲವಂತವಾಗಿ ಕಿತ್ತುಕೊಳ್ಳುವುದು. ಮೀಟರ್‌ನಲ್ಲಿ ಖಾಲಿ ರ‍್ಯಾಮ್ ಹೆಚ್ಚಾದಂತೆ ಕಾಣುತ್ತದೆ. ಮರುಕ್ಷಣ ಆ ತಂತ್ರಾಂಶಗಳು ಅದೇ ಪುಟಗಳನ್ನು ಮತ್ತೆ ಕೇಳುತ್ತವೆ, ಇಕ್ಕಟ್ಟಿನ ಯಂತ್ರದಲ್ಲಿ ಅಷ್ಟರೊಳಗೆ ಹಲವು ಪುಟಗಳು ಡಿಸ್ಕ್‌ಗೆ ಹೋಗಿ ಕುಳಿತಿರುತ್ತವೆ. ವೇಗಕ್ಕೆಂದು ಹಾಕಿಕೊಂಡದ್ದೇ ಕಾಲಿಗೆ ಕಲ್ಲು ಕಟ್ಟಿತ್ತು. ಅದನ್ನು ತೆಗೆದದ್ದಕ್ಕೆ ನನಗೆ ಯಾವ ಹಿಂಜರಿಕೆಯೂ ಇಲ್ಲ.

ಇಷ್ಟಾದ ಮೇಲೆ ಡೆಸ್ಕ್‌ಟಾಪ್ ಕಂಡ ನಂತರದ ಕಾಯುವಿಕೆ 7 ನಿಮಿಷದಿಂದ 2 ನಿಮಿಷ 40 ಸೆಕೆಂಡಿಗೆ ಇಳಿಯಿತು. ಮೊದಲ 2 ನಿಮಿಷ 10 ಸೆಕೆಂಡು ಹೆಚ್ಚುಕಡಿಮೆ ಹಾಗೆಯೇ ಉಳಿಯಿತು. ಕೆಲಸದ ನಡುವೆ ಪರದೆ ನಿಲ್ಲುವುದೂ ತಪ್ಪಲಿಲ್ಲ.

ತುಂಬಿದ ಸಿ ಡ್ರೈವ್, ಖಾಲಿ ಡಿ ಡ್ರೈವ್

ಐನೂರು ಜಿಬಿ ಡಿಸ್ಕ್‌ನಲ್ಲಿ ಸಿ ಡ್ರೈವ್‌ಗೆ 118 ಜಿಬಿಯನ್ನು, ಡಿ ಡ್ರೈವ್‌ಗೆ ಉಳಿದೆಲ್ಲವನ್ನೂ ಯಾರೋ ಹಿಂದೆ ಹಂಚಿಕೊಟ್ಟಿದ್ದರು. ಡಿ ಬಹುತೇಕ ಖಾಲಿಯಿತ್ತು. ಸಿ ಡ್ರೈವ್‌ನಲ್ಲಿ ಉಳಿದಿದ್ದದ್ದು 3 ಜಿಬಿ. ಡಿಸ್ಕ್ ತುಂಬಿದರೆ ಕಂಪ್ಯೂಟರ್ ನಿಧಾನವಾಗುತ್ತದೆ ಎಂಬ ಮಾತನ್ನು ಎಲ್ಲರೂ ಹೇಳುತ್ತಾರೆ, ಆದರೆ ಅದು ಹೇಗೆ ಎಂಬುದು ಮುಖ್ಯ. ಕಡತಗಳು ಹೆಚ್ಚಿದ ಮಾತ್ರಕ್ಕೆ ಪ್ರೊಸೆಸರ್ ನಿಧಾನವಾಗುವುದಿಲ್ಲ. ಇಲ್ಲಿ ಜಾಗದ ಕೊರತೆ ಎರಡು ಬೇರೆ ದಾರಿಗಳಿಂದ ತೊಂದರೆ ಕೊಡುತ್ತಿತ್ತು.

ಒಂದು, ವಿಂಡೋಸ್ ಅಪ್‌ಡೇಟ್. ಅಪ್‌ಡೇಟ್‌ಗಳ ಇತಿಹಾಸದ ಪುಟವನ್ನು ತೆರೆದಾಗ ಒಂದೇ ಅಪ್‌ಡೇಟ್ ಮತ್ತೆ ಮತ್ತೆ ಸೋತಿರುವುದು ಕಂಡಿತು, ಎದುರಿಗೆ `0x80070070` ಎಂಬ ದೋಷಸಂಖ್ಯೆ. ಡಿಸ್ಕ್‌ನಲ್ಲಿ ಜಾಗವಿಲ್ಲ ಎಂಬುದೇ ಅದರ ಅರ್ಥ. ಅಂದರೆ ಯಂತ್ರ ಹಿನ್ನೆಲೆಯಲ್ಲಿ ಅಪ್‌ಡೇಟ್ ಅನ್ನು ಇಳಿಸಿಕೊಳ್ಳುವುದು, ಬಿಚ್ಚುವುದು, ಜಾಗ ಸಾಲದೆ ಸೋಲುವುದು, ಎಲ್ಲವನ್ನೂ ಹಿಂದಕ್ಕೆ ಹಾಕುವುದು, ಕೆಲವು ದಿನ ಬಿಟ್ಟು ಮೊದಲಿನಿಂದ ಶುರುಮಾಡುವುದು. ಕೆಲವು ದಿನ ಯಂತ್ರ ವಿನಾಕಾರಣ ಇನ್ನಷ್ಟು ನಿಧಾನವಾಗುತ್ತಿತ್ತು ಎಂಬ ಅವರ ಮಾತಿನ ಮೂಲ ಇದೇ ಇರಬೇಕು ಎಂದು ನನ್ನ ಅನಿಸಿಕೆ.

ಎರಡು, ಪೇಜ್ ಫೈಲ್. ರ‍್ಯಾಮ್ ಸಾಲದಾದಾಗ ವಿಂಡೋಸ್ ಪುಟಗಳನ್ನು ಇಳಿಸಿಡುವ `pagefile.sys` ಸಿ ಡ್ರೈವ್‌ನಲ್ಲಿರುತ್ತದೆ. ಅದರ ಗಾತ್ರವನ್ನು ವಿಂಡೋಸ್‌ಗೇ ಬಿಟ್ಟಿದ್ದರೂ ಬೆಳೆಯಲು ಜಾಗವಿಲ್ಲದೆ ಅದು 2.4 ಜಿಬಿಗೆ ನಿಂತಿತ್ತು. ಇದರ ಪರಿಣಾಮವನ್ನು ಮುಂದೆ ರ‍್ಯಾಮ್‌ನ ವಿಷಯದಲ್ಲಿ ನೋಡಬಹುದು.

ಜಾಗವನ್ನು ತಿಂದಿದ್ದದ್ದು ಯಾವುದು ಎಂಬುದು ಸೆಟ್ಟಿಂಗ್ಸ್‌ನ ಸ್ಟೋರೇಜ್ ಪುಟದಲ್ಲಿ ಕೂಡಲೇ ಕಂಡಿತು: ಚಾಟ್‌ಗಳಿಂದ ಬಂದು ಬಿದ್ದ ವಿಡಿಯೊಗಳು 38 ಜಿಬಿ. ವಿಡಿಯೊ ಫೋಲ್ಡರ್‌ನ ಗುಣಲಕ್ಷಣಗಳಲ್ಲಿ `Location` ಎಂಬ ಪುಟದಿಂದ ಇಡೀ ಫೋಲ್ಡರ್ ಅನ್ನು ಡಿ ಡ್ರೈವ್‌ಗೆ ಸಾಗಿಸಿದೆ. ಹೀಗೆ ಮಾಡಿದರೆ ಮುಂದೆ ಆ ಫೋಲ್ಡರ್‌ಗೆ ಬರುವವೂ ಅಲ್ಲಿಗೇ ಹೋಗುತ್ತವೆ. `cleanmgr` ಅನ್ನು ಅಡ್ಮಿನ್ ಅಧಿಕಾರದಲ್ಲಿ ತೆರೆದು, ಹಳೆಯ ಅಪ್‌ಡೇಟ್‌ಗಳ ಉಳಿಕೆ ಮತ್ತು ತಾತ್ಕಾಲಿಕ ಕಡತಗಳನ್ನು ತೆಗೆದಾಗ ಇನ್ನೂ 11 ಜಿಬಿ ಸಿಕ್ಕಿತು. ಕೆಲವು ಆವೃತ್ತಿಗಳಲ್ಲಿ ಇದೇ ಪಟ್ಟಿಯಲ್ಲಿ ಡೌನ್‌ಲೋಡ್ಸ್ ಫೋಲ್ಡರ್ ಕೂಡ ಸೇರಿರುತ್ತದೆ. ಎಲ್ಲಕ್ಕೂ ಗುರುತು ಹಾಕುತ್ತಾ ಹೋದವರು ತಮ್ಮ ಕಡತಗಳನ್ನೇ ಕಳೆದುಕೊಂಡದ್ದುಂಟು. `WinSxS` ಫೋಲ್ಡರ್ ದೊಡ್ಡದಾಗಿ ಕಾಣುತ್ತದೆಂದು ಅದನ್ನು ಕೈಯಾರೆ ಅಳಿಸಲು ಹೋಗಬಾರದು. ವಿಂಡೋಸ್‌ನ ಭಾಗಗಳೇ ಅಲ್ಲಿರುತ್ತವೆ. ವಿಂಡೋಸ್ ತನ್ನ ಮತ್ತು ತಂತ್ರಾಂಶಗಳ ಆಯ್ಕೆಗಳನ್ನು ಬರೆದಿಡುವ ರಿಜಿಸ್ಟ್ರಿಯನ್ನು ಸ್ವಚ್ಛಗೊಳಿಸುವ ಸಾಧನಗಳನ್ನು ನಾನು ಬಳಸುವುದಿಲ್ಲ: ಕೆಲವು ನೂರು ಹಳೆಯ ಸಾಲುಗಳು ಹೋದರೆ ವೇಗ ಬದಲಾಗುವುದಿಲ್ಲ, ಬೇಕಾದ ಒಂದು ಸಾಲು ಹೋದರೆ ತಂತ್ರಾಂಶ ಕೆಡುತ್ತದೆ.

ಸಿ ಡ್ರೈವ್‌ನಲ್ಲಿ ಈಗ 52 ಜಿಬಿ ಖಾಲಿಯಾಯಿತು. ಆ ರಾತ್ರಿ ಬಾಕಿ ಅಪ್‌ಡೇಟ್‌ಗಳು ಮುಗಿದವು, ಮರುರಾತ್ರಿ ಕಡತಗಳ ಚದುರಿದ ತುಣುಕುಗಳನ್ನು ಒಂದೆಡೆ ಸೇರಿಸುವ ಡಿಫ್ರಾಗ್ ನಡೆಯಿತು. ಫಲಿತಾಂಶವನ್ನು ಇದ್ದಂತೆ ಹೇಳಬೇಕೆಂದರೆ, ಆರಂಭದ ಸಮಯದಲ್ಲಿ ಉಳಿತಾಯವಾದದ್ದು ಕೇವಲ 15 ಸೆಕೆಂಡು. ಟ್ಯಾಬ್‌ಗಳು ತಾವಾಗಿ ಸಾಯುವುದು ಮಾತ್ರ ಪೂರ್ತಿಯಾಗಿ ನಿಂತಿತು.

ರ‍್ಯಾಮ್: ಎರಡನೆಯ ದೂರಿನ ಮೂಲ

ಅವರು ಕೆಲಸ ಮಾಡುವ ರೀತಿಯಲ್ಲೇ ಎಲ್ಲವನ್ನೂ ತೆರೆದಿಟ್ಟು ಅಳೆದಾಗಲೇ ರ‍್ಯಾಮ್‌ನ ನಿಜ ಸ್ಥಿತಿ ತಿಳಿಯುವುದು; ಖಾಲಿ ಡೆಸ್ಕ್‌ಟಾಪ್‌ನ ಅಂಕಿಗಳಿಂದ ಪ್ರಯೋಜನವಿಲ್ಲ. ಬರಹದ ತಂತ್ರಾಂಶ, ಬ್ರೌಸರ್‌ನಲ್ಲಿ 14 ಟ್ಯಾಬ್‌ಗಳು ಮತ್ತು ಒಂದು ವಿಡಿಯೊ ಕರೆ ಒಟ್ಟಿಗಿರುವುದು ಅವರ ಎಂದಿನ ದಿನ. ಮೊದಲ ದಿನವೇ ತೆಗೆದ ಅಳತೆಯಲ್ಲಿ, ಬಳಕೆಗೆ ಲಭ್ಯವಿರುವ 3.9 ಜಿಬಿಯಲ್ಲಿ 3.6 ಜಿಬಿ ಬಳಕೆಯಲ್ಲಿತ್ತು. ಇದಕ್ಕಿಂತ ಹೆಚ್ಚು ಹೇಳುವ ಅಂಕಿ ಅದರ ಕೆಳಗಿನ `Committed`: 6.1/6.3 ಜಿಬಿ. ಮೊದಲ ಸಂಖ್ಯೆ ಎಲ್ಲ ತಂತ್ರಾಂಶಗಳೂ ಕೇಳಿ ಪಡೆದಿರುವ ಒಟ್ಟು ಮೊತ್ತ. ಎರಡನೆಯದು ವಿಂಡೋಸ್ ಒಪ್ಪಿಕೊಳ್ಳಬಲ್ಲ ಗರಿಷ್ಠ ಮಿತಿ, ಅಂದರೆ ರ‍್ಯಾಮ್ ಮತ್ತು ಪೇಜ್ ಫೈಲ್ ಎರಡೂ ಕೂಡಿದ ಮೊತ್ತ. ಮೊದಲನೆಯದು ಎರಡನೆಯದನ್ನು ಮುಟ್ಟಿದರೆ ಹೊಸದಾಗಿ ಕೇಳಿದ ತಂತ್ರಾಂಶಕ್ಕೆ 'ಇಲ್ಲ' ಎಂಬ ಉತ್ತರ ಸಿಗುತ್ತದೆ, ಮತ್ತು ಟ್ಯಾಬ್ ಸಾಯುತ್ತದೆ. ಸಿ ಡ್ರೈವ್‌ನಲ್ಲಿ ಜಾಗವಾಗಿ ಪೇಜ್ ಫೈಲ್ ಬೆಳೆದಾಗ ಮಿತಿ ಮೇಲೇರಿತು, ಸಾವು ನಿಂತಿತು. ಪೇಜ್ ಫೈಲ್ ಅನ್ನು ತೆಗೆದುಹಾಕಿದರೆ ಯಂತ್ರ ಚುರುಕಾಗುತ್ತದೆ ಎಂಬ ಸಲಹೆ ಇಂದಿಗೂ ಓಡಾಡುತ್ತಿದೆ. ಈ ಯಂತ್ರದಲ್ಲಿ ಹಾಗೆ ಮಾಡಿದ್ದರೆ ಮಿತಿ 3.9 ಜಿಬಿಗೆ ಕುಸಿದು ಬ್ರೌಸರ್ ತೆರೆಯುವುದೇ ಕಷ್ಟವಾಗುತ್ತಿತ್ತು.

ಆದರೆ ಮಿತಿ ಏರಿದ ಮಾತ್ರಕ್ಕೆ ವೇಗ ಏರುವುದಿಲ್ಲ. ಆರು ಜಿಬಿಯಷ್ಟು ಬೇಡಿಕೆ ನಾಲ್ಕು ಜಿಬಿಯ ಒಳಗೆ ಹಿಡಿಸುವುದಿಲ್ಲವಾದ್ದರಿಂದ ವಿಂಡೋಸ್ ಒಂದಿಷ್ಟನ್ನು ರ‍್ಯಾಮ್‌ನಲ್ಲೇ ಕುಗ್ಗಿಸಿ ಇಟ್ಟುಕೊಂಡು, ಉಳಿದದ್ದನ್ನು ಡಿಸ್ಕ್‌ಗೆ ಇಳಿಸುತ್ತದೆ. ಅವರು ಹಳೆಯ ಟ್ಯಾಬ್‌ಗೆ ಮರಳಿದಾಗ ಅದರ ಪುಟಗಳು ಡಿಸ್ಕ್‌ನಿಂದ ಮರಳಿ ಬರಬೇಕು. ಒಂದು ಪುಟ 4 ಕೆಬಿ. ಒಂದೊಂದೂ ಬೇರೆ ಬೇರೆ ಜಾಗದಲ್ಲಿದ್ದರೆ ಸೆಕೆಂಡಿಗೆ 60ರಂತೆ ಬರುವುದು 240 ಕೆಬಿ. ಆ ಗತಿಯಲ್ಲಿ 200 ಎಂಬಿಯ ಟ್ಯಾಬ್ ಒಂದು ಮರಳಲು ಹದಿನಾಲ್ಕು ನಿಮಿಷ ಬೇಕಾಗುತ್ತದೆ. ವಿಂಡೋಸ್ ಅಕ್ಕಪಕ್ಕದ ಪುಟಗಳನ್ನು ಗುಂಪಾಗಿ ಓದುವುದರಿಂದ ಮತ್ತು ಎಲ್ಲ ಪುಟಗಳೂ ಒಮ್ಮೆಗೇ ಬೇಕಾಗದಿರುವುದರಿಂದ ಅದು ಹತ್ತು ಹನ್ನೆರಡು ಸೆಕೆಂಡಿನಲ್ಲಿ ಮುಗಿಯುತ್ತಿತ್ತು.

ಇದು ಊಹೆಯೋ ನಿಜವೋ ಎಂದು ತಿಳಿಯಲು `resmon` ಎಂದು ಟೈಪಿಸಿ ರಿಸೋರ್ಸ್ ಮಾನಿಟರ್ ತೆರೆಯಬೇಕು. ಮೆಮೊರಿ ಪುಟದಲ್ಲಿ `Hard Faults/sec` ಎಂಬ ಎಣಿಕೆ ಇದೆ: ಬೇಕಾದ ಪುಟ ರ‍್ಯಾಮ್‌ನಲ್ಲಿ ಸಿಗದೆ ಡಿಸ್ಕ್‌ಗೆ ಹೋಗಬೇಕಾಗಿ ಬಂದ ಸಲಗಳು. ಯಾವುದೇ ತಂತ್ರಾಂಶವನ್ನು ಹೊಸದಾಗಿ ತೆರೆಯುವಾಗ ಈ ಎಣಿಕೆ ಜಿಗಿಯುವುದು ಸಹಜ, ಅದಕ್ಕೆ ಹೆದರಬೇಕಿಲ್ಲ. ಹೊಸದೇನನ್ನೂ ತೆರೆಯದೆ, ಆಗಲೇ ತೆರೆದಿರುವ ಟ್ಯಾಬ್‌ಗಳ ನಡುವೆ ಓಡಾಡಿದಾಗಲೂ ಅದು ನೂರಾರು ಇದ್ದು, ಅದೇ ಹೊತ್ತಿಗೆ ಡಿಸ್ಕ್ ಪುಟದ ಪಟ್ಟಿಯ ಮೇಲ್ತುದಿಯಲ್ಲಿ `pagefile.sys` ಕುಳಿತಿದ್ದರೆ ರ‍್ಯಾಮ್ ಸಾಲದು ಎಂದೇ ಅರ್ಥ. ಇಲ್ಲಿ ಎರಡೂ ಕಂಡವು. ಡಿಸ್ಕ್ ನಿಧಾನವೆಂದು ತೋರುತ್ತಿದ್ದ ತೊಂದರೆಯ ಬೇರು ರ‍್ಯಾಮ್‌ನಲ್ಲಿತ್ತು.

ಖರ್ಚಿಲ್ಲದ ದಾರಿಯನ್ನು ಮೊದಲು ಹಿಡಿದೆವು. ಬ್ರೌಸರ್‌ನೊಳಗೆ ಶಿಫ್ಟ್ ಮತ್ತು ಎಸ್ಕೇಪ್ ಒತ್ತಿದರೆ ಅದರದೇ ಟಾಸ್ಕ್ ಮ್ಯಾನೇಜರ್ ತೆರೆದು ಪ್ರತಿ ಟ್ಯಾಬ್ ಮತ್ತು ವಿಸ್ತರಣೆಯ ಲೆಕ್ಕ ತೋರಿಸುತ್ತದೆ. ಹನ್ನೊಂದು ವಿಸ್ತರಣೆಗಳಲ್ಲಿ ಎಂಟನ್ನು ತೆಗೆದೆವು, ಬಳಸದ ಟ್ಯಾಬ್‌ಗಳನ್ನು ಮಲಗಿಸುವ ಮೆಮೊರಿ ಉಳಿತಾಯದ ಆಯ್ಕೆಯನ್ನು ಹಾಕಿದೆವು, ಬ್ರೌಸರ್ ಮುಚ್ಚಿದ ಮೇಲೂ ಹಿನ್ನೆಲೆಯಲ್ಲಿ ಓಡುವ ಅನುಮತಿಯನ್ನು ನಿಲ್ಲಿಸಿದೆವು. ಬೇಡಿಕೆ 6.1ರಿಂದ 4.9 ಜಿಬಿಗೆ ಇಳಿಯಿತು. ಬರವಣಿಗೆಯ ಹೊತ್ತಿನಲ್ಲಿ ಪರದೆ ನಿಲ್ಲುವುದು ಗಣನೀಯವಾಗಿ ಕಡಿಮೆಯಾಯಿತು, ವಿಡಿಯೊ ಕರೆ ಶುರುವಾದರೆ ಮಾತ್ರ ಹಳೆಯ ಕಥೆ. ಈ ಹಂತದಲ್ಲಿ ಇನ್ನು ಕಡಿತ ಮಾಡುವುದೆಂದರೆ ಅವರ ಕೆಲಸವನ್ನೇ ಕಡಿತ ಮಾಡಿದಂತೆ ಎಂದು ನನಗನ್ನಿಸಿ, ಯಂತ್ರವನ್ನು ಬಿಚ್ಚುವ ನಿರ್ಧಾರಕ್ಕೆ ಬಂದೆವು.

ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ `Slots used: 1 of 2` ಎಂದಿತ್ತು. ಖಾಲಿ ಜಾಗವಿದೆಯೆಂಬುದು ಶುಭಸೂಚನೆಯಾದರೂ ಅದೊಂದೇ ಸಾಲದು, ಏಕೆಂದರೆ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡ್‌ಗೇ ಬೆಸೆದಿರುತ್ತದೆ. ಕೆಳಗಿನ ಮುಚ್ಚಳ ತೆಗೆದು, ಇರುವ ರ‍್ಯಾಮ್‌ನ ಚೀಟಿ ಓದಿ, ಅದೇ ಬಗೆಯ 1.35 ವೋಲ್ಟ್‌ನ ಡಿಡಿಆರ್3ಎಲ್ 4 ಜಿಬಿಯನ್ನು ತರಿಸಿದೆ. ಡಿಡಿಆರ್4 ಇದಕ್ಕೆ ಕೂರುವುದಿಲ್ಲ, ಅದರ ಕಚ್ಚಿನ ಜಾಗವೇ ಬೇರೆ; 1.5 ವೋಲ್ಟ್‌ನ ಸಾಮಾನ್ಯ ಡಿಡಿಆರ್3 ಕೂರುತ್ತದೆ, ಆದರೆ ಕೆಲವು ಯಂತ್ರಗಳು ಅದನ್ನು ಒಪ್ಪುವುದಿಲ್ಲ. ಎಂಟು ಜಿಬಿಯಾದ ಮೇಲೆ ಅದೇ 14 ಟ್ಯಾಬ್ ಮತ್ತು ವಿಡಿಯೊ ಕರೆಯ ನಡುವೆ `Hard Faults/sec` ಬಹುತೇಕ ಸೊನ್ನೆಯಲ್ಲೇ ಇತ್ತು, ಟ್ಯಾಬ್ ಬದಲಾವಣೆಗೆ ಕಾಯಬೇಕಾಗಲಿಲ್ಲ. ಎರಡನೆಯ ದೂರು ಅಲ್ಲಿಗೆ ಮುಗಿಯಿತು. ಆರಂಭದ ಸಮಯದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಆಗಲಿಲ್ಲ.

ಉಳಿದದ್ದು

ಮೂರು ವಾರಗಳ ನಂತರ ಡಿಸ್ಕ್‌ನ ಜಾಗಕ್ಕೆ 240 ಜಿಬಿಯ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ಹಾಕಿದೆ. ಹಳೆಯ ಡಿಸ್ಕ್ ದೊಡ್ಡದು, ಹೊಸದು ಚಿಕ್ಕದು. ಆದ್ದರಿಂದ ಡಿ ಡ್ರೈವ್ ಅನ್ನು ಮೊದಲು ಕುಗ್ಗಿಸಿ, ಆಮೇಲೆ ಯಥಾವತ್ತಾಗಿ ನಕಲಿಸಬೇಕಾಯಿತು. ನಕಲು ಮುಗಿದ ಬಳಿಕ ವಿಂಡೋಸ್ ಅದನ್ನು ಎಸ್‌ಎಸ್‌ಡಿ ಎಂದೇ ಗುರುತಿಸಿದೆಯೇ ಎಂದು ಡ್ರೈವ್‌ಗಳ ಆಪ್ಟಿಮೈಸ್ ಪುಟದಲ್ಲಿ ನೋಡಿದೆ, ಮತ್ತು ಅಳಿಸಿದ ಜಾಗದ ಮಾಹಿತಿ ಡ್ರೈವ್‌ಗೆ ತಲುಪುತ್ತಿದೆಯೇ ಎಂದು ಕೆಳಗಿನ ಆದೇಶದಿಂದ ಪರಿಶೀಲಿಸಿದೆ. ಉತ್ತರದಲ್ಲಿ ಎನ್‌ಟಿಎಫ್‌ಎಸ್ ಎದುರು 0 ಬಂದರೆ ಎಲ್ಲ ಸರಿಯಿದೆ.

```
fsutil behavior query DisableDeleteNotify
```

ಡೆಸ್ಕ್‌ಟಾಪ್ ಈಗ 24 ಸೆಕೆಂಡಿಗೆ ಬರುತ್ತದೆ, ಡಿಸ್ಕ್ ಶಾಂತವಾಗಲು ಇನ್ನೊಂದು 15 ಸೆಕೆಂಡು. ಎಸ್‌ಎಸ್‌ಡಿಯಲ್ಲಿ ಸರಿಯಬೇಕಾದ ತಲೆ, ತಿರುಗಬೇಕಾದ ತಟ್ಟೆ ಇಲ್ಲವಾದ್ದರಿಂದ ಚದುರಿದ ಓದುಗಳು ಸೆಕೆಂಡಿಗೆ ಸಾವಿರಾರು ನಡೆಯುತ್ತವೆ. ಫಾಸ್ಟ್ ಸ್ಟಾರ್ಟಪ್‌ನ ಅಗತ್ಯ ತೀರಿದ್ದರಿಂದ ಅದನ್ನು ನಿಲ್ಲಿಸಿದೆ; ಶಟ್ ಡೌನ್ ಕೊಟ್ಟ ಮಾರನೆಯ ದಿನ `Up time` ಸೊನ್ನೆಯಿಂದ ಎಣಿಸುವುದನ್ನು ಅವರಿಗೂ ತೋರಿಸಿದೆ.

ರ‍್ಯಾಮ್ ಮತ್ತು ಎಸ್‌ಎಸ್‌ಡಿಗಳಲ್ಲಿ ಒಂದನ್ನಷ್ಟೇ ಕೊಳ್ಳಲಾಗುವುದಾದರೆ ಯಾವುದು ಎಂದು ಅವರು ಕೇಳಿದ್ದರು. ತೊಂದರೆ ಯಂತ್ರ ಏಳುವಾಗ ಮತ್ತು ತಂತ್ರಾಂಶ ತೆರೆಯುವಾಗ ಇದ್ದರೆ ಎಸ್‌ಎಸ್‌ಡಿ. ತೆರೆದಿಟ್ಟ ತಂತ್ರಾಂಶಗಳ ನಡುವೆ ಓಡಾಡುವಾಗ ಇದ್ದರೆ ರ‍್ಯಾಮ್. ಎರಡೂ ಇದ್ದಾಗ ನಾನು ಎಸ್‌ಎಸ್‌ಡಿಯನ್ನೇ ಮೊದಲು ಹೇಳುತ್ತೇನೆ, ಏಕೆಂದರೆ ಪುಟಗಳು ಡಿಸ್ಕ್‌ಗೆ ಹೋಗಿ ಬರುವ ನೋವನ್ನೂ ಅದು ತಕ್ಕಮಟ್ಟಿಗೆ ಸಹ್ಯವಾಗಿಸುತ್ತದೆ. ಈ ಪ್ರಕರಣದಲ್ಲಿ ರ‍್ಯಾಮ್ ಮೊದಲು ಬಂದದ್ದು ಅವರ ಹೊಟ್ಟೆಪಾಡಿನ ಕೆಲಸ ಕೆಡುತ್ತಿದ್ದದ್ದು ಅಲ್ಲಿ ಎಂಬ ಕಾರಣಕ್ಕೆ.

ಸರಿಯಾಗದೆ ಉಳಿದದ್ದೂ ಇದೆ. ವಿಡಿಯೊ ಕರೆಯ ವೇಳೆ ಎರಡು ಕೋರ್‌ಗಳ ಪ್ರೊಸೆಸರ್ ಈಗಲೂ ಶೇಕಡಾ 90 ದಾಟುತ್ತದೆ; ಕರೆಯಲ್ಲಿ ಹಿನ್ನೆಲೆಯನ್ನು ಮಸುಕಾಗಿಸುವ ಆಯ್ಕೆಯನ್ನು ತೆಗೆದರೆ 70ರ ಆಸುಪಾಸಿಗೆ ಇಳಿಯುತ್ತದೆ, ಅದಕ್ಕಿಂತ ಕೆಳಗೆ ತರಲು ನನ್ನಿಂದಾಗಲಿಲ್ಲ. ವಿಂಡೋಸ್ 10ಕ್ಕೆ ಉಚಿತ ಭದ್ರತಾ ಅಪ್‌ಡೇಟ್‌ಗಳ ಸಾಮಾನ್ಯ ಅವಧಿ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಈ ಪ್ರೊಸೆಸರ್ ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ. ಹೆಚ್ಚುವರಿ ಅವಧಿಯ ಅಪ್‌ಡೇಟ್ ಯೋಜನೆಗೆ ಯಂತ್ರವನ್ನು ನೋಂದಾಯಿಸಿದ್ದೇವೆ. ಆ ಅವಧಿ ಮುಗಿಯುವಷ್ಟರಲ್ಲಿ ಲಿನಕ್ಸ್‌ಗೆ ಹೋಗಬಹುದೇ ಎಂಬುದು ಅವರ ಆ ಸಣ್ಣ ಕೀಲಿಮಣೆ ತಂತ್ರಾಂಶಕ್ಕೆ ಅಲ್ಲಿ ಸಮನಾದ ವಿನ್ಯಾಸ ಸಿಗುತ್ತದೆಯೇ ಎಂಬುದರ ಮೇಲೆ ನಿಂತಿದೆ. ಅದನ್ನು ಪೆನ್ ಡ್ರೈವ್‌ನಿಂದ ಓಡಿಸಿ ನೋಡುವ ಕೆಲಸ ಇನ್ನೂ ಬಾಕಿಯಿದೆ.